ಅಕ್ಕನ ಮಗನ ಅರ್ಜಿ

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಘಟಕ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಸುಮಾರು 40 ಜನ ಕೆಲಸ ಮಾಡುತ್ತಾರೆ. ಎರಡು ವರ್ಷದ ಹಿಂದೆ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರು. ಯಾವ ಆರ್ಡರ್ ಯಾವತ್ತು ಮೆಷಿನ್ ಮೇಲೆ ಹೋಗಬೇಕು, ಯಾವ ಪೇಪರ್ ರೀಲ್ ಹಾಕಬೇಕು ಅಂತ ತೀರ್ಮಾನ ಮಾಡುವ ಜಾಗ ಅದು. ಅಲ್ಲಿ ತಪ್ಪಾದರೆ ಕಾಗದ ಕಸಕ್ಕೆ ಹೋಗುತ್ತದೆ.

ಜಾಗ ಖಾಲಿಯಾಗುವ ಸುದ್ದಿ ಗೊತ್ತಾದ ವಾರದಲ್ಲೇ ಅಕ್ಕ ಫೋನ್ ಮಾಡಿದಳು. "ನೋಡೋ, ಅವನ ಓದು ಮುಗೀತು. ಹೊರಗಡೆ ಯಾಕೆ ಅಲೀಬೇಕು? ನಿನ್ನ ಹತ್ರಾನೇ ಇಟ್ಕೋ." ಅವಳ ಧ್ವನಿಯಲ್ಲಿ ಕೇಳಿಕೊಳ್ಳುವ ಭಾವ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಒಂದು ಕಾಲದಲ್ಲಿ ಘಟಕ ಮುಚ್ಚುವ ಹಂತಕ್ಕೆ ಬಂದಾಗ ತನ್ನ ಉಳಿತಾಯವನ್ನೆಲ್ಲ ತಂದು ಕೊಟ್ಟವಳು ಅವಳು. ಆ ದುಡ್ಡಿಗೆ ಬದಲಾಗಿ ಅವಳ ಹೆಸರಿಗೆ ಸ್ವಲ್ಪ ಪಾಲು ಬರೆದೆವು, ಅಷ್ಟೇ. ಅವಳು ಅವತ್ತು ಕೊಡದಿದ್ದರೆ ಇವತ್ತು ತುಂಬಬೇಕಾದ ಜಾಗವೇ ಇರುತ್ತಿರಲಿಲ್ಲ.

ಇನ್ನೊಂದು ಕಡೆ, ಅದೇ ಟೇಬಲ್ ಪಕ್ಕದಲ್ಲಿ ಏಳು ವರ್ಷದಿಂದ ಸಹಾಯಕಿಯಾಗಿ ಕೂತಿದ್ದ ಒಬ್ಬ ಹೆಣ್ಣುಮಗಳು ಇದ್ದರು. ಅವರು ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ನಿವೃತ್ತರಾದವರ ಕುರ್ಚಿ ಖಾಲಿಯಾದ ಮೇಲೂ ಅದರಲ್ಲಿ ಕೂರದೆ, ತಮ್ಮ ಸ್ಟೂಲ್ ಮೇಲೇ ಕೂತು ಇಡೀ ಕೆಲಸ ಮಾಡುತ್ತಿದ್ದರು. ಅದು ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು.

ನೆಂಟರನ್ನು ಸೇರಿಸಿಕೊಂಡು ಹಿಂದೊಮ್ಮೆ ಪೆಟ್ಟು ತಿಂದಿದ್ದೆ. ಹತ್ತು ವರ್ಷದ ಹಿಂದೆ ಚಿಕ್ಕಪ್ಪನ ಮಗನನ್ನು ಏನೂ ಪರೀಕ್ಷೆ ಮಾಡದೆ ಸ್ಟೋರ್ಸ್‌ಗೆ ಹಾಕಿದ್ದೆ. ಅವನೇನು ಕೆಟ್ಟವನಲ್ಲ. ಕೆಲಸ ಬರುತ್ತಿರಲಿಲ್ಲ, ಅಷ್ಟೇ. ನಾನು ಅದನ್ನು ಗುರುತಿಸಿದ್ದು ತುಂಬಾ ತಡವಾಗಿ, ಯಾಕಂದ್ರೆ ಅವನ ಮೇಲೆ ಒಂದೂ ದೂರು ಬರಲಿಲ್ಲ. ಬೇರೆ ಸ್ಟೋರ್ಸ್ ಹುಡುಗರ ಮೇಲೆ ವಾರಕ್ಕೊಂದು ದೂರು ಬರುತ್ತಿತ್ತು. ಇವನ ಸುತ್ತ ಮಾತ್ರ ಪೂರ್ತಿ ಮೌನ. ಆಮೇಲೆ ನೋಡಿದರೆ ಮೆಷಿನ್ ಕಡೆಯವರು ತಮಗೆ ಬೇಕಾದ ಅಂಟು, ಹೊಲಿಗೆ ತಂತಿ ಎಲ್ಲವನ್ನೂ ತಾವೇ ಲೆಕ್ಕ ಬರೆದು ಇಟ್ಟುಕೊಳ್ಳುತ್ತಿದ್ದರು. ಅವನನ್ನು ಕೇಳೋದನ್ನೇ ಬಿಟ್ಟಿದ್ದರು. ಮುಲಾಜಿನಿಂದ ಬಂದವನ ಸುತ್ತ ಜನ ಹೀಗೆ ಬೇರೆ ದಾರಿ ಮಾಡಿಕೊಳ್ಳುತ್ತಾರೆ. ಆ ದಾರಿ ಯಜಮಾನನಿಗೆ ಕಾಣಿಸುವುದಿಲ್ಲ. ಅವನಿಗೂ ಅದರಿಂದ ಅನ್ಯಾಯವೇ ಆಯಿತು. ತಪ್ಪು ಹೇಳುವವರೇ ಇಲ್ಲದೆ ಅವನು ಕಲಿಯಲೇ ಇಲ್ಲ.

ಹಾಗಾಗಿ ಈ ಸಲ ಅಕ್ಕನಿಗೆ "ಅರ್ಜಿ ಹಾಕಲಿ, ಎಲ್ಲರ ಜೊತೆ ಪರೀಕ್ಷೆ ಬರೀಲಿ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರೀಕ್ಷೆನಾ?" ಅಂದಳು. ಫೋನ್ ಇಟ್ಟುಬಿಟ್ಟಳು.

ಅರ್ಜಿಗಳನ್ನು ತೆರೆಯುವ ಮೊದಲೇ ಈ ಜಾಗಕ್ಕೆ ಏನು ಬೇಕು ಅಂತ ಬರೆದಿಟ್ಟೆ. ನಾಲ್ಕೇ ಸಾಲು. ರೀಲ್ ಮತ್ತು ಆರ್ಡರ್ ಹೊಂದಿಸುವ ಲೆಕ್ಕ, ತಪ್ಪು ಮಾಹಿತಿ ಬಂದಾಗ ಅದನ್ನು ಗುರುತಿಸೋದು, ಮೆಷಿನ್‌ನವರ ಜೊತೆ ಮಾತಾಡುವ ರೀತಿ, ಕಂಪ್ಯೂಟರ್ ಮೇಲೆ ಹಿಡಿತ. ಪ್ರತಿಯೊಂದಕ್ಕೂ ಎಷ್ಟು ಅಂಕ ಅಂತ ಬರೆದು, ಸಹಿ ಹಾಕಿ, ನಮ್ಮ ಲೆಕ್ಕಪತ್ರ ನೋಡುವವರ ಕೈಗೆ ಕೊಟ್ಟೆ. ಅರ್ಜಿ ನೋಡಿದ ಮೇಲೆ ಅಳತೆಗೋಲು ಬರೆಯಲು ಕೂತರೆ, ನಮಗೆ ಬೇಕಾದವನ ಮೈಗೆ ಸರಿಹೊಂದುವ ಅಂಗಿಯನ್ನೇ ಹೊಲಿಯುತ್ತೇವೆ. ಅದು ನಮಗೇ ಗೊತ್ತಾಗುವುದಿಲ್ಲ. "ಮನೆಯವನಾದರೆ ಬಿಟ್ಟು ಹೋಗಲ್ಲ" ಅನ್ನೋದು ಆಗ ಇದ್ದಕ್ಕಿದ್ದಂತೆ ದೊಡ್ಡ ಅರ್ಹತೆಯಾಗಿಬಿಡುತ್ತದೆ.

ಈ ಮಾತಿನಲ್ಲಿ ಏನೂ ಹುರುಳಿಲ್ಲ ಅಂತ ನಾನು ಹೇಳಲ್ಲ. ಬ್ಯಾಂಕ್ ಚೆಕ್‌ಗೆ ಸಹಿ ಹಾಕುವ ಜಾಗವಾಗಿದ್ದರೆ ನಂಬಿಕೆಗೂ ಅಂಕ ಇಡುತ್ತಿದ್ದೆ, ಅದನ್ನು ಎಲ್ಲರಿಗೂ ತಿಳಿಯುವಂತೆ ಬರೆದೇ ಇಡುತ್ತಿದ್ದೆ. ಪ್ಲಾನಿಂಗ್‌ಗೆ ಬೇಕಾದ್ದು ಅದಲ್ಲ.

ಐದು ಜನ ಉಳಿದರು. ಅಕ್ಕನ ಮಗ, ನಮ್ಮ ಸಹಾಯಕಿ, ಹೊರಗಿನ ಮೂವರು. ಹೊರಗಿನವರಿಗೆ ಫೋನ್ ಮಾಡಿದಾಗ ಮೊದಲೇ ಹೇಳಿದೆ, "ಅರ್ಜಿ ಹಾಕಿದವರಲ್ಲಿ ನಮ್ಮ ಮನೆಯ ಹುಡುಗನೂ ಒಬ್ಬ. ನಾನು ಅಂಕ ಕೊಡಲ್ಲ." ಒಬ್ಬರು ನೇರವಾಗಿ, "ಹಾಗಾದ್ರೆ ಬರೋದು ವ್ಯರ್ಥ ಅಲ್ವಾ ಸರ್?" ಅಂದರು. ಹೇಗೆ ಪರೀಕ್ಷೆ ನಡೆಯುತ್ತೆ ಅಂತ ವಿವರಿಸಿದ ಮೇಲೆ ಬರುತ್ತೇನೆ ಅಂದರು. ಇರುವ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಬರುವವರಿಗೆ ಇಷ್ಟಾದರೂ ಹೇಳಬೇಕು. ಮೊದಲೇ ತೀರ್ಮಾನವಾದ ಜಾಗಕ್ಕೆ ಸುಮ್ನೆ ಲೆಕ್ಕಕ್ಕೆ ನಾಲ್ಕು ಜನರನ್ನು ಕರೆಸೋದು ನನ್ನ ಮಟ್ಟಿಗೆ ನೆಂಟನನ್ನು ನೇರವಾಗಿ ತುಂಬಿಕೊಳ್ಳೋದಕ್ಕಿಂತ ಕೆಟ್ಟ ಕೆಲಸ.

ಪರೀಕ್ಷೆಗೆ ಹಿಂದಿನ ತಿಂಗಳ ನಿಜವಾದ ಆರ್ಡರ್‌ಗಳನ್ನೇ ಕೊಟ್ಟೆ. ಅದರಲ್ಲಿ ಒಂದು ಗಂಟು ಇತ್ತು. ರೀಲ್ ಅಗಲ 1500 ಮಿಲಿಮೀಟರ್. ಮೊದಲ ಆರ್ಡರ್‌ನ ಹಾಳೆ 1010 ಅಗಲ, ಐದು ಪದರ, ನಾಳೆ ಹೋಗಬೇಕು. ಅದನ್ನು ಒಂದೇ ಓಡಿಸಿದರೆ 490 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕಾಗದ ದಂಡ. ಪಕ್ಕದಲ್ಲಿ ಇನ್ನೊಂದು ಆರ್ಡರ್ ಸೇರಿಸಬೇಕು. 480 ಅಗಲದ ಆರ್ಡರ್ ಎರಡಿದ್ದವು. ಒಂದು ನಾಳೆ ಹೋಗಬೇಕಾದದ್ದು, ಇನ್ನೊಂದಕ್ಕೆ ಎರಡು ದಿನ ಸಮಯವಿತ್ತು. ಮೇಲೆ ನೋಡಿದರೆ ನಾಳೆಯದನ್ನೇ ಸೇರಿಸಬೇಕು ಅನಿಸುತ್ತದೆ. ಆದರೆ ಅದು ಮೂರು ಪದರದ್ದು. ಐದು ಪದರದ ಜೊತೆ ಒಂದೇ ಹಾಳೆಯಲ್ಲಿ ಬರಲು ಸಾಧ್ಯವೇ ಇಲ್ಲ. ಎರಡು ದಿನ ಸಮಯವಿರುವುದೇ ಸರಿಯಾದ ಜೋಡಿ. ಅದೂ ಐದು ಪದರ, ಅದೇ ಕಾಗದ, ಅದೇ ಉದ್ದ. 1010 ಮತ್ತು 480 ಸೇರಿದರೆ 1490. ವೇಸ್ಟ್ ಬರೀ 10 ಮಿಲಿಮೀಟರ್.

ಉತ್ತರಗಳೆಲ್ಲ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದು. ಹೆಸರಿಲ್ಲ, ನಂಬರ್ ಮಾತ್ರ. ಅಂಕ ಕೊಟ್ಟವರು ಮೂವರು. ನಮ್ಮ ಮೆಷಿನ್ ಫೋರ್‌ಮನ್, ಕ್ವಾಲಿಟಿ ನೋಡುವವರು, ಬೇರೆ ಘಟಕದಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಮೂವರೂ ಬೇರೆ ಬೇರೆ ಕೂತು ಅಂಕ ಹಾಕಿ, ಲಕೋಟೆ ಅಂಟಿಸಿ ಕೊಟ್ಟ ಮೇಲೆಯೇ ಸಂದರ್ಶನ. ಅದರಲ್ಲೂ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ.

ಲಕೋಟೆ ತೆರೆದಾಗ ನಾಲ್ಕನೇ ನಂಬರ್ ಮೂವರ ಪಟ್ಟಿಯಲ್ಲೂ ಮೇಲಿತ್ತು. ಸರಿಯಾದ ಜೋಡಿ ಹಾಕಿ, ಕೆಳಗೆ ಒಂದು ಸಾಲು ಬರೆದಿದ್ದರು: "ಮೂರು ಪದರದ ಆರ್ಡರ್ ನಾಳೆ ಬೆಳಗ್ಗೆ ಮೊದಲು ಓಡಿಸಬೇಕು, ಇಲ್ಲದಿದ್ದರೆ ರೀಲ್ ಎರಡು ಸಲ ಬದಲಿಸಬೇಕಾಗುತ್ತದೆ." ಅದು ನಮ್ಮ ಸಹಾಯಕಿ. ಏಳು ವರ್ಷ ಅದೇ ಟೇಬಲ್ ಪಕ್ಕ ಕೂತದ್ದು ಅವರಿಗೆ ಅನುಕೂಲವಾಯಿತಲ್ಲ ಅಂತ ಯಾರಾದರೂ ಕೇಳಬಹುದು. ಆಗಿದೆ. ಆದರೆ ಅದು ಕೆಲಸ ಮಾಡಿ ಗಳಿಸಿದ ಅನುಕೂಲ. ಅಕ್ಕನ ಮಗನ ಪತ್ರಿಕೆಯ ನಂಬರ್ ಎರಡು. ಲೆಕ್ಕ ಚುರುಕಾಗಿ ಮಾಡಿದ್ದ, ಪದರ ನೋಡಿರಲಿಲ್ಲ. ಅಂಕದಲ್ಲಿ ಐವರಲ್ಲಿ ಮೂರನೆಯವನು.

ಸಂದರ್ಶನದ ಅಂಕ ನೋಡಿದಾಗ ನಿಜವಾದ ತೊಂದರೆ ಕಾಣಿಸಿತು. ಹೊರಗಿನ ಹಿರಿಯರು ಅವನಿಗೆ ಹತ್ತಕ್ಕೆ ಐದು ಕೊಟ್ಟಿದ್ದರು. ಫೋರ್‌ಮನ್ ಕೊಟ್ಟಿದ್ದು ಒಂಬತ್ತು. ಉಳಿದ ನಾಲ್ವರ ವಿಷಯದಲ್ಲಿ ಇಬ್ಬರ ಅಂಕಕ್ಕೂ ಒಂದರ ಅಂತರವೂ ಇರಲಿಲ್ಲ. ಫೋರ್‌ಮನ್ ಅವರನ್ನು ಒಳಗೆ ಕರೆದು ಕೂರಿಸಿ ಕೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಅದನ್ನೇ ನೋಡಿದರು. "ಸರ್, ನಾಳೆ ಅವರೇ ಯಜಮಾನರಾದ್ರೆ? ಐದು ಕೊಟ್ಟವನು ನಾನು ಅಂತ ಅವರಿಗೆ ಗೊತ್ತಾದ್ರೆ?" ಅಂದರು.

ಅವರ ತಪ್ಪಲ್ಲ. ನನ್ನ ಕೈಕೆಳಗೆ ಕೆಲಸ ಮಾಡುವವರನ್ನು ನನ್ನ ಮನೆಯವನನ್ನು ಅಳೆಯಲು ಕೂರಿಸಿದ್ದು ನನ್ನ ತಪ್ಪು. ಹೆಸರಿಲ್ಲದ ಪತ್ರಿಕೆಯಲ್ಲಿ ಅವರು ನಿಷ್ಠುರವಾಗಿ ಅಂಕ ಕೊಟ್ಟಿದ್ದರು. ಎದುರಿಗೆ ಮುಖ ಬಂದ ಕೂಡಲೇ ಕೈ ನಡುಗಿತು. ಸಂದರ್ಶನದಲ್ಲಿ ಹೊರಗಿನವರ ಅಂಕವನ್ನಷ್ಟೇ ಐವರಿಗೂ ಲೆಕ್ಕಕ್ಕೆ ತೆಗೆದುಕೊಂಡೆ. ಕ್ರಮ ಬದಲಾಗಲಿಲ್ಲ. ಸಹಾಯಕಿಯೇ ಮೊದಲು.

ಅಕ್ಕನಿಗೆ ಹೇಳೋದು ಉಳಿದಿತ್ತು. ಅದಕ್ಕೆ ಮೊದಲು, ಕುಟುಂಬದ ವ್ಯವಹಾರಗಳಿಗೆ ಸಲಹೆ ಕೊಡುವ ಗೆಳೆಯನ ಹತ್ತಿರ ಹೋಗಿದ್ದೆ. ಅವನು ಒಂದು ಚೀಟಿಯ ಮೇಲೆ ಒಂದರೊಳಗೊಂದು ಹೆಣೆದ ಮೂರು ವೃತ್ತ ಬರೆದ. ಕುಟುಂಬ, ಒಡೆತನ, ಕೆಲಸ. ಹಾರ್ವರ್ಡ್‌ನ ರೆನಾಟೊ ತಗಿಯುರಿ ಮತ್ತು ಜಾನ್ ಡೇವಿಸ್ 1978ರಲ್ಲಿ ರೂಪಿಸಿದ ಚಿತ್ರವಂತೆ ಅದು. "ನಿಮ್ಮ ಅಕ್ಕ ಎಲ್ಲಿ ಬರ್ತಾರೆ, ಗುರುತು ಹಾಕು" ಅಂದ. ಕುಟುಂಬ ಮತ್ತು ಒಡೆತನ ಸೇರುವ ಕಡೆ ಹಾಕಿದೆ. ಅವಳ ಮಗ ಕುಟುಂಬದ ವೃತ್ತದಲ್ಲಿ ಮಾತ್ರ. "ಹಾಗಾದ್ರೆ ಒಡೆತನದ ಕಡೆಯಿಂದ ಅಕ್ಕನಿಗೆ ಇಷ್ಟು ವರ್ಷ ಏನು ಕೊಟ್ಟಿದ್ದೀಯ?" ಅಂತ ಕೇಳಿದ.

ಏನೂ ಕೊಟ್ಟಿರಲಿಲ್ಲ. ಲಾಭ ಬಂದ ವರ್ಷಗಳಲ್ಲೂ ಎಲ್ಲವನ್ನೂ ಮೆಷಿನ್‌ಗೆ ಹಾಕಿದ್ದೆ. ಅವಳು ಕೇಳಿರಲಿಲ್ಲ, ನಾನೂ ನೆನೆಸಿಕೊಂಡಿರಲಿಲ್ಲ. ಬರಬೇಕಾದ್ದು ಬರಬೇಕಾದ ದಾರಿಯಲ್ಲಿ ಬಾರದೇ ಇದ್ದಾಗ ಅವಳು ಮಗನ ಕೆಲಸದ ರೂಪದಲ್ಲಿ ಕೇಳಿದಳು. ಅದನ್ನು ನಾನು ವಶೀಲಿ ಅಂದುಕೊಂಡಿದ್ದೆ. ಅವಳ ಋಣ ನಿಜ. ಆದರೆ ಅದನ್ನು ತೀರಿಸಬೇಕಾದವನು ನಾನು. ಸ್ಟೂಲ್ ಮೇಲೆ ಕೂತು ಕೆಲಸ ಮಾಡುತ್ತಿದ್ದವರ ಪಾಲಿನಿಂದ ತೆಗೆದು ಕೊಡುವಂಥದ್ದಲ್ಲ.

ಅಕ್ಕನ ಮನೆಗೆ ಹೋಗುವಾಗ ಅಂಕಗಳ ಪಟ್ಟಿ ತಗೊಂಡು ಹೋಗಲಿಲ್ಲ. ಪಾಲಿನ ಲೆಕ್ಕ ತಗೊಂಡು ಹೋದೆ. ಹಿಂದಿನ ವರ್ಷಗಳ ಬಾಬ್ತು ಕಂತಿನಲ್ಲಿ, ಮುಂದಕ್ಕೆ ಪ್ರತಿ ವರ್ಷ ಲಾಭದಲ್ಲಿ ಪಾಲು ಅಂತ ಬರೆದು ತೋರಿಸಿದೆ. ಮಗನ ವಿಷಯವನ್ನೂ ಹೇಳಿದೆ. ಅವಳು ಕಾಗದ ಓದಿ ಮಡಚಿಟ್ಟಳು. "ದುಡ್ಡಿಗೋಸ್ಕರ ಕೇಳಿದೆ ಅಂದ್ಕೊಂಡ್ಯಾ?" ಅಂದಳು. ಎರಡು ತಿಂಗಳು ಮಾತಾಡಲಿಲ್ಲ. ಆ ಎರಡು ತಿಂಗಳು ನನಗೆ ತುಂಬಾ ಕಷ್ಟವಾಯಿತು. ನ್ಯಾಯವಾಗಿ ನಡೆದುಕೊಂಡೆ ಅನ್ನೋದು ಆಗ ಏನೂ ಸಮಾಧಾನ ಕೊಡಲಿಲ್ಲ.

ಹುಡುಗನ ಹತ್ತಿರ ಬೇರೆಯಾಗಿ ಮಾತಾಡಿದೆ. ಪದರದ ತಪ್ಪನ್ನು ತೋರಿಸಿದಾಗ ಅವನೇ, "ಅಯ್ಯೋ ಮಾವ, ಇದನ್ನ ನೋಡ್ಲೇ ಇಲ್ಲ" ಅಂದ. ಮನೆಯಲ್ಲಿ ಆಮೇಲೆ ಒಂದು ನಿಯಮ ಬರೆದುಕೊಂಡೆವು. ಕುಟುಂಬದ ಯಾರೇ ಆಗಲಿ, ಬೇರೆ ಕಡೆ ಮೂರು ವರ್ಷ ಕೆಲಸ ಮಾಡಿ ಬರಬೇಕು. ನಿಜವಾಗಿ ಖಾಲಿಯಿರುವ ಜಾಗಕ್ಕೇ ಅರ್ಜಿ ಹಾಕಬೇಕು. ಆ ಜಾಗಕ್ಕೆ ಯಾರಿಗಾದರೂ ಎಷ್ಟು ಸಂಬಳವೋ ಅಷ್ಟೇ. ಸ್ವಂತ ಅಪ್ಪ, ಅಮ್ಮ, ಮಾವನ ಕೈಕೆಳಗೆ ನೇರವಾಗಿ ಇರಬಾರದು. ನೆಂಟನಾದ ತಪ್ಪಿಗೆ ಬೇರೆಯವರಿಗಿಂತ ಜಾಸ್ತಿ ಅಂಕ ತೆಗೆಯಬೇಕು ಅಂತಲೂ ಇಲ್ಲ. ನೆಂಟರಿಗೆ ಅನುಕೂಲ ಮಾಡಿಕೊಡೋದಕ್ಕೆ ಹೇಳುವ 'ನೆಪೊಟಿಸಂ' ಅನ್ನೋ ಪದದ ಬೇರು ಇಟಲಿ ಭಾಷೆಯಲ್ಲಿ ಸೋದರಳಿಯ ಅನ್ನುವ ಮಾತು. ಪೋಪ್‌ಗಳು ತಮ್ಮ ಸೋದರಳಿಯಂದಿರಿಗೆ ಪದವಿ ಕೊಡುತ್ತಿದ್ದುದರಿಂದ ಬಂದದ್ದು. 1692ರಲ್ಲಿ ಪೋಪ್ 12ನೇ ಇನೊಸೆಂಟ್ ಅದಕ್ಕೆ ಕಡಿವಾಣ ಹಾಕಿದಾಗಲೂ ಒಬ್ಬ ನೆಂಟನಿಗೆ, ಅರ್ಹನಾಗಿದ್ದರೆ, ಚರ್ಚ್‌ನ ದೊಡ್ಡ ಪದವಿಯಾದ ಕಾರ್ಡಿನಲ್ ಆಗಲು ಅವಕಾಶ ಉಳಿಸಿದ್ದರು. ಬಾಗಿಲು ಪೂರ್ತಿ ಮುಚ್ಚೋದು ನನಗೂ ಸರಿ ಕಾಣಲಿಲ್ಲ.

ಅವನೀಗ ಬೇರೊಂದು ಪ್ಯಾಕೇಜಿಂಗ್ ಘಟಕದಲ್ಲಿದ್ದಾನೆ. ಮುಂದಿನ ವರ್ಷ ಮೂರು ವರ್ಷ ತುಂಬುತ್ತದೆ. ಇಲ್ಲಿ ಜಾಗ ಖಾಲಿಯಾದರೆ ಅರ್ಜಿ ಹಾಕುತ್ತೇನೆ ಅಂದಿದ್ದಾನೆ. ಹಾಕಿದರೆ ಅಂಕ ಕೊಡುವವರೆಲ್ಲ ಹೊರಗಿನವರೇ ಇರುತ್ತಾರೆ. ಫೋರ್‌ಮನ್ ಅವರಿಗೆ ಆಗಲೇ ಮಾತು ಕೊಟ್ಟಿದ್ದೇನೆ.