ಬಾಕಿ ಐದು ಸಾವಿರ, ಬಡ್ಡಿ ಮೂರು ಸಾವಿರ: ನಾನು ಲೆಕ್ಕ ಬಿಡಿಸಿದ್ದು ಹೀಗೆ

ನಾನು ಮುಂಬೈ ಪಕ್ಕದ ಠಾಣೆ ಊರಿನ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಡೊಂಬಿವಲಿಯ ನಮ್ಮ ನೆಂಟರಲ್ಲಿ ಯಾರಿಗೇ ಬಿಲ್ ಅರ್ಥವಾಗದಿದ್ದರೂ ಅದು ನನ್ನ ವಾಟ್ಸಾಪಿಗೆ ಬಂದು ಬೀಳುತ್ತದೆ. ಜುಲೈನಲ್ಲಿ ನನ್ನ ಭಾಮೈದ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಕಳಿಸಿದ. "ಭಾವ, 40 ಸಾವಿರದಲ್ಲಿ 35 ಸಾವಿರ ಕಟ್ಟಿದ್ದೇನೆ, ಅದೂ ಕೊನೇ ದಿನದ ಒಳಗೇ. ಉಳಿದದ್ದು ಬರೀ 5 ಸಾವಿರ. ಅದಕ್ಕೆ 3 ಸಾವಿರ ಬಡ್ಡಿ ಹಾಕಿದ್ದಾರೆ, ಇದು ಮೋಸ ಅಲ್ವಾ?" ಅಂತ ಕೇಳಿದ. ಕಸ್ಟಮರ್ ಕೇರ್‌ನವರು ಅವನಿಗೆ ಹೇಳಿದ್ದು "ನಿಯಮದ ಪ್ರಕಾರ ಇದೆ ಸರ್" ಅಂತ ಅಷ್ಟೇ. ನಿಯಮ ಏನು ಅಂತ ಬಿಡಿಸಿ ಹೇಳಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಾನು ಮೊದಲು ಮಾಡಿದ ಕೆಲಸ, ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡದ್ದು. ಅವನ ಬಿಲ್ ಪ್ರತಿ ತಿಂಗಳು 12ಕ್ಕೆ ಆಗುತ್ತದೆ. ಕಟ್ಟಲು 20 ದಿನ ಸಮಯ. ಮೇ 15ಕ್ಕೆ 40,000 ರೂಪಾಯಿಯ ಫ್ರಿಜ್ ತಗೊಂಡಿದ್ದ. ಅದು ಜೂನ್ 12ರ ಬಿಲ್ಲಿನಲ್ಲಿ ಬಂತು, ಕೊನೇ ದಿನ ಜುಲೈ 2. ಅಂದರೆ ಪೂರ್ತಿ ಕಟ್ಟಿದ್ದರೆ 48 ದಿನ ಬ್ಯಾಂಕಿನ ದುಡ್ಡನ್ನು ಬಡ್ಡಿ ಇಲ್ಲದೆ ಬಳಸಿದ ಹಾಗಾಗುತ್ತಿತ್ತು. ಈ ನಡುವೆ ಜೂನ್ 20ಕ್ಕೆ ಮಗಳ ಶಾಲೆ ಶುರುವಾಯಿತು ಅಂತ ಪುಸ್ತಕ, ಯೂನಿಫಾರ್ಮ್, ಟ್ಯೂಷನ್ ಎಲ್ಲ ಸೇರಿ ಇನ್ನೊಂದು 12,000 ಅದೇ ಕಾರ್ಡಿನಲ್ಲಿ ಹೋಯಿತು. ಜುಲೈ 2ಕ್ಕೆ ಅಕೌಂಟಿನಲ್ಲಿ ದುಡ್ಡು ಕಡಿಮೆ ಇತ್ತು, 35,000 ಕಟ್ಟಿದ.

ಬಡ್ಡಿ ಇಲ್ಲದ ಅವಧಿ ಸಿಗುವುದು ಒಂದು ಷರತ್ತಿನ ಮೇಲೆ: ಬಿಲ್ಲಿನ ಪೂರ್ತಿ ಮೊತ್ತ ಕೊನೇ ದಿನದೊಳಗೆ ಸಂದಾಯವಾಗಿರಬೇಕು. ಕಡಿಮೆ ಬಿದ್ದರೆ ಆ ಅವಧಿ ಹಿಂದಿನಿಂದಲೇ ರದ್ದಾಗುತ್ತದೆ. ಜನ ಎಡವುವುದು ಈ ಹಿಂದಿನಿಂದ ಅನ್ನುವ ಮಾತಿನಲ್ಲಿ. ಬಾಕಿ ಉಳಿದ 5,000ಕ್ಕೆ ಜುಲೈ 2ರಿಂದ ಬಡ್ಡಿ ಬರುತ್ತದೆ ಅಂದುಕೊಳ್ಳುತ್ತಾರೆ. ಬ್ಯಾಂಕ್ ಲೆಕ್ಕ ಹಾಕುವುದು ಖರೀದಿ ಮಾಡಿದ ದಿನದಿಂದ, ಆಯಾ ದಿನ ಎಷ್ಟು ಬಾಕಿ ಇತ್ತೋ ಅಷ್ಟಕ್ಕೆ. ಜುಲೈ 2ರವರೆಗೆ ಅವನು ಒಂದು ಪೈಸೆಯೂ ಕಟ್ಟಿರಲಿಲ್ಲ, ಹಾಗಾಗಿ ಅಲ್ಲಿಯವರೆಗೆ ಪ್ರತಿದಿನದ ಬಾಕಿ ಪೂರ್ತಿ 40,000.

ಅವನ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ವರ್ಷಕ್ಕೆ 42. ಕ್ಯಾಲ್ಕುಲೇಟರ್ ಹಿಡಿದು ಕೂತೆವು.

ಫ್ರಿಜ್ಜಿನ 40,000ಕ್ಕೆ ಮೇ 15ರಿಂದ ಜುಲೈ 2ರವರೆಗೆ 48 ದಿನ: 2,209 ರೂಪಾಯಿ. ಉಳಿದ 5,000ಕ್ಕೆ ಜುಲೈ 2ರಿಂದ ಮುಂದಿನ ಬಿಲ್ಲಾದ ಜುಲೈ 12ರವರೆಗೆ 10 ದಿನ: ಬರೀ 58. ಶಾಲೆಯ 12,000ಕ್ಕೆ ಜೂನ್ 20ರಿಂದ ಜುಲೈ 12ರವರೆಗೆ 22 ದಿನ: 304. ಒಟ್ಟು 2,571. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 463. ಎಲ್ಲ ಸೇರಿ ಹತ್ತಿರ ಹತ್ತಿರ 3,034. ಸ್ಟೇಟ್‌ಮೆಂಟಿನಲ್ಲೂ ಇದೇ ಬಂದಿತ್ತು, ಒಂದು ರೂಪಾಯಿ ಆಚೀಚೆ.

ಈ ಲೆಕ್ಕದಲ್ಲಿ ಶಾಲೆಯ 12,000 ನೋಡಿ. ಆ ಖರ್ಚು ಜುಲೈ 12ರ ಬಿಲ್ಲಿಗೆ ಸೇರಿದ್ದು, ಅದನ್ನು ಕಟ್ಟುವ ದಿನ ಇನ್ನೂ ಬಂದೇ ಇರಲಿಲ್ಲ. ಆದರೂ ಬಡ್ಡಿ ಬಿತ್ತು. ಹಳೇ ಬಿಲ್ಲಿನಲ್ಲಿ ಬಾಕಿ ಉಳಿದರೆ ಹೊಸ ಖರೀದಿಗಳಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ನನ್ನ ಭಾಮೈದನಿಗೆ ಹೆಚ್ಚು ಆಶ್ಚರ್ಯ ಆದದ್ದು ಇದೇ. ಹಿಂದಿನ ತಿಂಗಳ ಬಾಕಿ ಉಳಿದರೆ ಈ ಸೌಲಭ್ಯ ಹೋಗುತ್ತದೆ ಅಂತ ಬ್ಯಾಂಕುಗಳು ಸ್ಪಷ್ಟವಾಗಿ ತಿಳಿಸಬೇಕು, ಉದಾಹರಣೆ ಕೊಟ್ಟು ತೋರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆ. ಕಾರ್ಡಿನ ಜೊತೆ ಬರುವ ಮುಖ್ಯ ಷರತ್ತುಗಳ ಹಾಳೆಯಲ್ಲಿ ಆ ಉದಾಹರಣೆ ಇತ್ತು, ನಾವು ಹುಡುಕಿ ಓದಿದೆವು. ಅಕ್ಷರ ಮಾತ್ರ ಇರುವೆ ಸಾಲು.

ಆಮೇಲೆ ಅವನು ಕೇಳಿದ, "ಹಾಗಾದರೆ ಇನ್ನೂ ಸ್ವಲ್ಪ ಜಾಸ್ತಿ ಕಟ್ಟಿದ್ದರೆ?" ಅದನ್ನೂ ಹಾಕಿ ನೋಡಿದೆ. 39,500 ಕಟ್ಟಿ ಬರೀ 500 ಉಳಿಸಿದ್ದರೂ ಜಿಎಸ್‌ಟಿ ಸೇರಿ 2,970ರ ಆಸುಪಾಸು ಬರುತ್ತಿತ್ತು. 5,000 ಉಳಿಸಿದ್ದಕ್ಕೂ 500 ಉಳಿಸಿದ್ದಕ್ಕೂ ಅರವತ್ತು ರೂಪಾಯಿ ಚಿಲ್ಲರೆ ವ್ಯತ್ಯಾಸ. ಅಂಥ ದಿನ ಅಕ್ಕನ ಹತ್ತಿರವೋ ಬಿಲ್ಡಿಂಗಿನ ಭಿಶಿ ಚೀಟಿಯಿಂದಲೋ ಐದು ಸಾವಿರ ಕೈಗಡ ತಂದು ಪೂರ್ತಿ ಮಾಡಿಬಿಡುವುದೇ ಸರಿ, ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇನ್ನು Minimum Amount Due ಅಂತ ಬರೆದಿರುತ್ತಲ್ಲ, ಅದನ್ನು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಆಟೋಪೇ ಹಾಕಿರುವವರು ಅದು Total Amount Due ಮೇಲೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಸರಿ, ಬಿದ್ದ ಬಡ್ಡಿ ಬಿತ್ತು, ಮುಂದೇನು? ಜುಲೈ 12ರ ಬಿಲ್ 5,000, 12,000 ಮತ್ತು ಬಡ್ಡಿ ಸೇರಿ 20,034. ಕೊನೇ ದಿನ ಆಗಸ್ಟ್ 1. ಅವನು ಅಭ್ಯಾಸದಂತೆ ಕೊನೇ ದಿನಕ್ಕೆ ಕಟ್ಟುತ್ತೇನೆ ಅಂದ. ನಾನು ಬೇಡ ಅಂದೆ. ಬಡ್ಡಿ ಇಲ್ಲದ ದಿನಗಳ ಸವಲತ್ತು ಹೋಗಿರುವಾಗ ಕೊನೇ ದಿನದವರೆಗೆ ಕಾಯುವುದರಲ್ಲಿ ಲಾಭವೇ ಇಲ್ಲ, ಮೀಟರ್ ದಿನಾ ಓಡುತ್ತಿರುತ್ತದೆ. ಆಗಸ್ಟ್ 1ಕ್ಕೆ ಕಟ್ಟಿದರೆ 17,000 ಅಸಲಿನ ಮೇಲೆ 20 ದಿನಕ್ಕೆ ಜಿಎಸ್‌ಟಿ ಸೇರಿ 461 ಆಗುತ್ತದೆ. ಜುಲೈ 14ಕ್ಕೆ ಕಟ್ಟಿದರೆ 46. ಅವನ ಸಂಬಳ 7ಕ್ಕೇ ಬಂದಿತ್ತು, 14ಕ್ಕೆ ಪೂರ್ತಿ ಕಟ್ಟಿಸಿದೆ.

ಜೊತೆಗೆ ಇನ್ನೊಂದು ಮಾತು ಹೇಳಿದ್ದೆ: ಈ ಲೆಕ್ಕ ಚುಕ್ತಾ ಆಗುವವರೆಗೆ ಆ ಕಾರ್ಡನ್ನು ಮುಟ್ಟಬೇಡ, ತರಕಾರಿ, ಪೆಟ್ರೋಲ್ ಎಲ್ಲ ಯುಪಿಐನಲ್ಲಿ ನೇರ ಅಕೌಂಟಿನಿಂದ ಕೊಡು ಅಂತ. ಸವಲತ್ತು ವಾಪಸ್ ಬಂದಿದೆ ಅಂತ ಗೊತ್ತಾಗುವ ಮೊದಲು ಮಾಡುವ ಒಂದೊಂದು ಖರೀದಿಗೂ ಸ್ವೈಪ್ ಮಾಡಿದ ದಿನದಿಂದಲೇ ಬಡ್ಡಿ ಶುರುವಾಗಬಹುದು.

ಆಗಸ್ಟ್ 12ರ ಬಿಲ್ಲಿನಲ್ಲಿ 46 ರೂಪಾಯಿ ಬಂತು. ಪೂರ್ತಿ ಕಟ್ಟಿದ ಮೇಲೂ ಬಂತಲ್ಲ ಅಂತ ಅವನು ಮತ್ತೆ ಫೋನ್ ಮಾಡಿದ. ಬಿಲ್ ಆದ ದಿನಕ್ಕೂ ದುಡ್ಡು ಕಟ್ಟಿದ ದಿನಕ್ಕೂ ನಡುವಿನ ಎರಡು ದಿನದ ಬಡ್ಡಿ ಅದು, ಮುಂದಿನ ಬಿಲ್ಲಿನಲ್ಲೇ ಕಾಣುವುದು. ಚಿಲ್ಲರೆ ಅಂತ ಬಿಡಬೇಡ, ಇದನ್ನೂ ಬಾಕಿ ಉಳಿಸಬೇಡ ಅಂದೆ, ತಕ್ಷಣ ಕಟ್ಟಿದ. ಸೆಪ್ಟೆಂಬರ್ ಬಿಲ್ಲಿನಲ್ಲಿ ಫೈನಾನ್ಸ್ ಚಾರ್ಜಸ್ ಅನ್ನುವ ಬಡ್ಡಿಯ ಸಾಲು ಸೊನ್ನೆ ಇತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಕಾರ್ಡ್ ಮತ್ತೆ ಬಳಸಲು ಹೇಳಿದ್ದು.

ಇಷ್ಟೆಲ್ಲ ಆದದ್ದರ ಮೂಲ ತಾರೀಖಿನಲ್ಲಿತ್ತು. ಕಟ್ಟುವ ದಿನ ಹೆಚ್ಚಾಗಿ 1 ಅಥವಾ 2, ಸಂಬಳ 7ಕ್ಕೆ. ಬಿಲ್ಲಿಂಗ್ ದಿನವನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶ ಗ್ರಾಹಕನಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅರ್ಜಿ ಹಾಕಿ ಅದನ್ನು 20ಕ್ಕೆ ಮಾಡಿಸಿಕೊಂಡೆವು. ಈಗ ಕಟ್ಟುವ ದಿನ ಹೆಚ್ಚಾಗಿ 9 ಅಥವಾ 10ಕ್ಕೆ ಬರುತ್ತದೆ, ಸಂಬಳ ಬಂದ ಮೇಲೆ. ನೀವೂ ಬದಲಿಸುವುದಾದರೆ ಆ ತಿಂಗಳ ಬಿಲ್ಲನ್ನು ಮಾತ್ರ ಹುಷಾರಾಗಿ ನೋಡಿ, ಹಳೇ ನೆನಪಿನಲ್ಲಿ ಕೂರದೆ ಅದರ ಮೇಲೆ ಅಚ್ಚಾಗಿರುವ ಕೊನೇ ದಿನವನ್ನೇ ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ.