ಗಾಳಿ ಐವತ್ತು ಡಿಗ್ರಿ, ಮೀನು ಎಷ್ಟು?

ವೈವಾದಲ್ಲಿ ಪ್ರಶ್ನೆ ಕೇಳಿದ ತಕ್ಷಣ ಬಾಯಿ ಬಿಡಬಾರದು, ಸ್ವಲ್ಪ ಹೊತ್ತು ಸುಮ್ಮನಿದ್ದು ಗೊತ್ತಿರುವ ಎರಡು ತುದಿಗಳಿಂದ ಉತ್ತರಕ್ಕೆ ಹೋಗಬೇಕು ಎಂದು ನಾನು ಹೇಳುತ್ತಿದ್ದಾಗ ನಮ್ಮ ಬ್ಯಾಚಿನಲ್ಲಿ ಎಲ್ಲರೂ ನಗುತ್ತಿದ್ದರು. "ಸುಮ್ಮನೆ ಕೂತರೆ ಇವನಿಗೆ ಎಂತದೂ ಗೊತ್ತಿಲ್ಲ ಅಂತ ಬರೀತಾರೆ ಮಾರಾಯ" ಎಂದು ಪ್ರಾಜೆಕ್ಟ್ ಪಾರ್ಟ್ನರ್ ಹೇಳುತ್ತಿದ್ದ. ಅವನು ಹೇಳಿದ್ದರಲ್ಲೂ ಸತ್ಯ ಇತ್ತು. ಆದರೆ ಮೂರನೇ ಸೆಮಿಸ್ಟರಿನ ವೈವಾದಲ್ಲಿ ನಾನು ಈ ವಿಧಾನ ಹಿಡಿದಿರಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂದು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ "ತಂಪಾಗುತ್ತದೆ ಸರ್" ಎಂದುಬಿಟ್ಟೆ. ಕೋಣೆ ಬಿಸಿಯಾಗುತ್ತದೆ ಎಂಬುದು ಸರಿ ಉತ್ತರ. ಹತ್ತರಲ್ಲಿ ಮೂರು ಕೊಟ್ಟರು.

ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಒಣಮೀನಿನ ಸೋಲಾರ್ ಡ್ರೈಯರ್. ಪ್ಲೈವುಡ್ ಪೆಟ್ಟಿಗೆ, ಕಪ್ಪು ಬಳಿದ ತಗಡು, ಮೇಲೆ ಗಾಜು, ಎರಡು ಕಂಪ್ಯೂಟರ್ ಫ್ಯಾನು. ಬಿಸಿಲು ತಗಡಿನ ಮೇಲೆ ಬೀಳುತ್ತದೆ, ಮೀನಿನ ಮೇಲೆ ಅಲ್ಲ. ಬಿಸಿಗಾಳಿ ಮಾತ್ರ ಮೀನಿಗೆ. ಒಟ್ಟು ಒಂಬತ್ತು ಸಾವಿರದ ಹತ್ತಿರ ಆಯಿತು, ನಾಲ್ಕು ಜನ ಹಂಚಿಕೊಂಡೆವು. ಗಾಜು ಒಮ್ಮೆ ಬಸ್ಸಿನಲ್ಲಿ ಒಡೆಯಿತು, ಆ ಆರುನೂರು ರೂಪಾಯಿ ಯಾರ ಲೆಕ್ಕ ಎಂದು ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಬ್ಯಾಚು ಪೂರ್ತಿ ನಷ್ಟ. ದಕ್ಕೆಯಿಂದ ಬಂಗುಡೆ ತಂದು, ಸೀಳಿ, ಉಪ್ಪು ಹಾಕಿ ಒಳಗಿಟ್ಟೆವು. ಬೇಗ ಒಣಗಲಿ ಎಂದು ಗಾಳಿ ಹೊರಹೋಗುವ ಹೊರಬಾಯಿಯನ್ನು ಮುಕ್ಕಾಲು ಮುಚ್ಚಿದ್ದೆವು. ಮಧ್ಯಾಹ್ನ ಗಾಳಿ 64 ಡಿಗ್ರಿ ತೋರಿಸಿತು, ನಮಗೆ ಖುಷಿ. ಸಂಜೆಗೆ ತೂಕ ಇಳಿಯುವುದು ನಿಂತಿತು. ಒಣಗಿತು ಎಂದುಕೊಂಡು ಒಂದನ್ನು ಮುರಿದೆವು. ಹೊರಗೆ ಹಲಗೆ, ಮುಳ್ಳಿನ ಹತ್ತಿರ ಒದ್ದೆ. ಅಂಚಿನ ಮಾಂಸ ಬೆಂದು ಪುಡಿ ಪುಡಿ. ನಾಲ್ಕನೇ ದಿನ ಹಾಸ್ಟೆಲಿನ ವಾರ್ಡನ್ ಬಂದು ವಾಸನೆ ಎಲ್ಲಿಂದ ಎಂದು ವಿಚಾರಿಸಿದರು. ತೂಕ ನಿಂತಿತು ಎಂದರೆ ಒಣಗಿತು ಎಂದಲ್ಲ, ಮೇಲಿನ ಪದರ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚಿರಬಹುದು. ಮುರಿದು ನೋಡಲೇಬೇಕು. ಆಮೇಲೆ 50 ಡಿಗ್ರಿ ದಾಟಲು ಬಿಡಲಿಲ್ಲ. ಹೊರಬಾಯಿಯನ್ನು ಯಾವಾಗ ಎಷ್ಟು ತೆರೆಯುತ್ತೇವೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮಲ್ಪೆಯ ಅಕ್ಕ ಒಬ್ಬರು ಪೆಟ್ಟಿಗೆ ಮಾಡಿಕೊಡಿ ಎಂದು ಕೇಳಿದ್ದಾರೆ.

ವೈವಾ ಮೇ ಕೊನೆಯ ವಾರ. ಜೂನ್ 1ರಿಂದ ಟ್ರಾಲಿಂಗ್ ನಿಷೇಧ, ಮತ್ತೆ ಅಗ್ಗದ ಮೀನು ಇಲ್ಲ, ಹಾಗಾಗಿ ಕೊನೆಯ ಬ್ಯಾಚನ್ನು ವೈವಾದ ದಿನವೇ ಓಡಿಸುತ್ತಿದ್ದೆವು. ಹೊರಗಿನ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ವಯಸ್ಸಾದವರು. ಎಫಿಶಿಯೆನ್ಸಿ ಕೇಳುತ್ತಾರೆ ಎಂದು ನಾವು ಉರು ಹೊಡೆದು ಹೋಗಿದ್ದೆವು. ಅವರು ರಿಪೋರ್ಟು ಮುಚ್ಚಿ ಪಕ್ಕಕ್ಕಿಟ್ಟು ಕೇಳಿದರು, "ಗಾಳಿ ಐವತ್ತು ಡಿಗ್ರಿ ಅಂತ ಎಲ್ಲ ಕಡೆ ಬರೆದಿದ್ದೀರಿ. ಮೀನು ಎಷ್ಟು ಡಿಗ್ರಿ ಇತ್ತು?"

ನಾವು ಮೀನನ್ನು ಅಳೆದಿರಲೇ ಇಲ್ಲ. ಪಾರ್ಟ್ನರ್ "ಐವತ್ತೇ ಸರ್" ಎನ್ನಲು ಬಾಯಿ ತೆರೆದ, ನಾನು ಮೇಜಿನ ಕೆಳಗೆ ಕಾಲು ಮೆಟ್ಟಿದೆ. ಹತ್ತು ಸೆಕೆಂಡು ಸುಮ್ಮನಿದ್ದೆ. ಆ ಹತ್ತು ಸೆಕೆಂಡು ಗಾಬರಿಯಂತೆ ಕಾಣದ ಹಾಗೆ ಕೂರಲು ಒಂದು ಉಪಾಯ ಇದೆ. ನನ್ನ ತಮ್ಮನ ವೈವಾ ಮುಗಿಯಲಿ, ಆಮೇಲೆ ಹೇಳುತ್ತೇನೆ.

"ಅಳೆದಿಲ್ಲ ಸರ್. ಯೋಚಿಸಿ ಹೇಳಬಹುದಾ?" ಎಂದೆ. ತಲೆ ಆಡಿಸಿದರು.

ಎರಡು ತುದಿ ಹಿಡಿದೆ. ಪೆಟ್ಟಿಗೆಯಲ್ಲಿ ಮೀನಿನ ಬದಲು ಒಂದು ಕಲ್ಲು ಇಟ್ಟರೆ ಸ್ವಲ್ಪ ಹೊತ್ತಿಗೆ ಅದು ಐವತ್ತೇ ಆಗುತ್ತದೆ. ಒದ್ದೆ ಬಟ್ಟೆ ಇಟ್ಟರೆ? ನೀರು ಆರುವಾಗ ಶಾಖ ಎಳೆದುಕೊಳ್ಳುತ್ತದೆ, ಬಟ್ಟೆ ತಣ್ಣಗಾಗುತ್ತದೆ. ಅದು ನಾವೆಲ್ಲ ಲ್ಯಾಬಿನಲ್ಲಿ ಓದಿದ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ವೆಟ್ ಬಲ್ಬ್ ಥರ್ಮಾಮೀಟರೇ. ಈಗ ಒಳಗಿಟ್ಟ ಮೀನು ಒದ್ದೆ ಬಟ್ಟೆ, ನಾಳೆ ಸಂಜೆಯ ಮೀನು ಕಲ್ಲು. ಅಂದರೆ ಉತ್ತರ ಒಂದು ಸಂಖ್ಯೆ ಅಲ್ಲ, ಕೆಳಗಿಂದ ಐವತ್ತರ ಕಡೆಗೆ ಏರುತ್ತಾ ಹೋಗುತ್ತದೆ.

"ಕೆಳಗೆ ಅಂದರೆ ಎಷ್ಟು?"

ಆ ದಿನ ಬೆಳಿಗ್ಗೆ ಹೊರಗೆ 32 ಡಿಗ್ರಿ, ತೇವಾಂಶ ಸುಮಾರು ಶೇಕಡಾ 75. ಆ ಗಾಳಿಯ ಡ್ಯೂ ಪಾಯಿಂಟ್ 27ರ ಹತ್ತಿರ. ಮೀನು ಅದಕ್ಕಿಂತ ತಣ್ಣಗಾದರೆ ಅದರ ಮೇಲೆಯೇ ನೀರು ಕೂರುತ್ತದೆ, ಆರುವುದಿಲ್ಲ. ಹಾಗಾಗಿ 27ಕ್ಕಿಂತ ಮೇಲೆ, 50ಕ್ಕಿಂತ ಕೆಳಗೆ. ಹೊರಗಿನ ವೆಟ್ ಬಲ್ಬ್ 28 ಇತ್ತು, ಗಾಳಿ ಬಿಸಿ ಮಾಡಿದಾಗ ಅದು ಸ್ವಲ್ಪ ಏರುತ್ತದೆ, ಜಾಸ್ತಿ ಏನಲ್ಲ. "ಮೂವತ್ತು, ಮೂವತ್ತೈದರ ನಡುವೆ ಸರ್" ಎಂದೆ. ಅವರು ರಿಪೋರ್ಟಿನ ಕೊನೆಯಲ್ಲಿದ್ದ, ಗಾಳಿಯ ಬಿಸಿ ಮತ್ತು ತೇವದ ಲೆಕ್ಕ ತೋರಿಸುವ ಸೈಕ್ರೋಮೆಟ್ರಿಕ್ ಚಾರ್ಟ್ ತೆರೆದು ಪೆನ್ಸಿಲ್ ಕೊಟ್ಟರು. ನೀರು ಸೇರಿಸಿಲ್ಲ, ತೆಗೆದಿಲ್ಲ, ಹಾಗಾಗಿ 32ರಿಂದ ಅಡ್ಡಕ್ಕೆ ನೇರ 50ಕ್ಕೆ ಹೋದೆ. ಅಲ್ಲಿಂದ ವೆಟ್ ಬಲ್ಬಿನ ಓರೆ ಗೆರೆ ಹಿಡಿದು ಮೇಲೆ ಎಡಕ್ಕೆ ಹತ್ತಿದೆ. 32ಕ್ಕೆ ಮುಟ್ಟಿತು. ಹೊರಗಿನ ಗಾಳಿಯೂ 32, ಇದೂ 32. ಸುಮ್ನೆ ಕಾಕತಾಳೀಯ, ಆದರೂ ಪಾರ್ಟ್ನರ್ ನನ್ನ ಮುಖ ನೋಡಿದ.

ಅವರು ಬಿಡಲಿಲ್ಲ. "ಬಟ್ಟೆಗೆ ಉಪ್ಪು ಹಾಕಿರಲಿಲ್ಲ. ಮೀನಿಗೆ ಹಾಕಿದ್ದೀರಿ ಅಲ್ವಾ?"

ಇಲ್ಲಿ ನಮ್ಮ ಒಂದು ಅಡ್ಡ ಪ್ರಯೋಗ ಕೈ ಹಿಡಿಯಿತು. ತೇವಾಂಶ ಅಳೆಯುವ ನಮ್ಮ ಮುನ್ನೂರು ರೂಪಾಯಿಯ ಡಿಜಿಟಲ್ ಹೈಗ್ರೋಮೀಟರ್ ಸುಳ್ಳು ಹೇಳುತ್ತಿದೆ ಎಂದು ಅನುಮಾನವಿತ್ತು. ಒಂದು ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟು, ಮೀಟರನ್ನೂ ಇಟ್ಟು ಬಿಗಿಯಾಗಿ ಮುಚ್ಚಿದರೆ ಅದು 75 ತೋರಿಸಬೇಕು. ನಮ್ಮದು 83 ತೋರಿಸಿತು, ಎಂಟು ಕಳೆದುಕೊಂಡು ಬಳಸಿದೆವು. ಅದೇ ನೆನಪಾಯಿತು. ಉಪ್ಪುನೀರು ತನ್ನ ನೀರನ್ನು ಸುಲಭಕ್ಕೆ ಬಿಡುವುದಿಲ್ಲ, ಶುದ್ಧ ನೀರಿನ ಮುಕ್ಕಾಲು ಜೋರಿನಲ್ಲಿ ಮಾತ್ರ ಬಿಡುತ್ತದೆ. ಕಡಿಮೆ ಆರಿದರೆ ಕಡಿಮೆ ತಂಪು. ಹಾಗಾಗಿ ಉಪ್ಪು ಮೀನು 32 ಅಲ್ಲ, ಮೂರು ನಾಲ್ಕು ಡಿಗ್ರಿ ಮೇಲೆ, 36ರ ಹತ್ತಿರ ಎಂದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವುದೂ ಇದಕ್ಕೇ, ಹೊರಗಿನ ತೇವಾಂಶ 75 ದಾಟಿದರೆ ಅಟ್ಟದ ಮೇಲಿನ ಒಣಮೀನು ಪುನಃ ನೀರು ಕುಡಿಯುತ್ತದೆ ಎಂದೂ ಸೇರಿಸಿದೆ. ಅದು ಕೇಳದ ಮಾತು. ಆದರೆ ಹೇಳದೆ ಇರಲಾಗಲಿಲ್ಲ.

ಮಾತಾಡುತ್ತಿದ್ದಂತೆ ನಮ್ಮ ಮೊದಲ ಬ್ಯಾಚು ಯಾಕೆ ಬೆಂದಿತು ಎಂಬುದೂ ನನಗೆ ಆಗಲೇ ಹೊಳೆಯಿತು. ಮೊದಲ ಗಂಟೆಗಳಲ್ಲಿ 64 ಡಿಗ್ರಿ ಗಾಳಿ ಅಷ್ಟೇನೂ ಕೆಟ್ಟದ್ದಲ್ಲ, ಮೀನು ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತಿತ್ತು. ಮೇಲ್ಮೈ ಒಣಗಿದ ಮೇಲೆ ಆ ರಕ್ಷಣೆ ಹೋಯಿತು, ಬೆಂದದ್ದು ಆಮೇಲೆ. ಅದನ್ನೂ ಹೇಳಿದೆ. ಅವರು ಏನೂ ಹೇಳಲಿಲ್ಲ, "ಹೋಗಿ ಅಳೆಯಿರಿ" ಎಂದರು ಅಷ್ಟೇ.

ಹೊರಗೆ ಬಂದವನೇ ಲ್ಯಾಬಿನಿಂದ ಥರ್ಮೋಕಪಲ್ ಬೇಡಿ ತಂದು ಅದೇ ದಿನದ ಬಂಗುಡೆಯ ಬೆನ್ನಿಗೆ ಚುಚ್ಚಿದೆ. ಹೊಸದಾಗಿ ಇಟ್ಟದ್ದು ಅರ್ಧ ಗಂಟೆಗೆ 37. ಬೆಳಿಗ್ಗೆ ಇಟ್ಟದ್ದು 43ರ ಹತ್ತಿರ. ಹಿಂದಿನ ದಿನದ್ದು 48, 49. ಒಂದು ಡಿಗ್ರಿ ತಪ್ಪಿತು, ಇರಲಿ. ನೂರಕ್ಕೆ ತೊಂಬತ್ತೆರಡು ಬಂತು, ಪಾರ್ಟ್ನರಿಗೆ ಎಂಬತ್ತೊಂದು. ಅವನು ಈಗಲೂ ಕಾಲು ಮೆಟ್ಟಿದ್ದನ್ನು ಹೇಳಿ ಬೈಯುತ್ತಾನೆ.

ಪೆಟ್ಟಿಗೆ ಈಗ ಉಡುಪಿಯ ನಮ್ಮ ಮನೆಯಲ್ಲಿದೆ. ಅಜ್ಜಿ ಒಮ್ಮೆ ಅದರಲ್ಲಿ ಹಲಸಿನ ಹಪ್ಪಳ ಒಣಗಿಸಿದರು. ಹಪ್ಪಳ ಒಂದೇ ದಿನಕ್ಕೆ ಗರಿಗರಿ. ಕರಿದಾಗ ಮಾತ್ರ ಬಂಗುಡೆ ಪರಿಮಳ ಬಂತು.