ಕೋವಿಡ್ ನಂತರದ ಸುಸ್ತು: ನಾನು ಕೇಳುವುದು ಮರುದಿನದ ಲೆಕ್ಕ

ಜ್ವರ ಹೋಗಿ ಆರು ವಾರವಾಗಿದೆ. ಮನೆಯಲ್ಲಿ ಆಕ್ಸಿಮೀಟರ್ ಹಾಕಿದರೆ 97 ತೋರಿಸುತ್ತದೆ. ಆದರೂ ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಹೀಗೆ ಬರುವವರಿಗೆ ಕೂತಲ್ಲಿ ತೆಗೆದ ಆ ಒಂದು ಸಂಖ್ಯೆ ಸಾಲದು. ದೇಹಕ್ಕೆ ಕೆಲಸ ಕೊಟ್ಟಾಗ ಏನಾಗುತ್ತದೆ, ಮರುದಿನ ಏನಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲನೆಯದಕ್ಕೆ ನಾನು ಒಂದು ಕುರ್ಚಿ ಬಳಸುತ್ತೇನೆ. ಕೈ ಊರದೆ ಒಂದು ನಿಮಿಷ ಎದ್ದು ಕೂರಬೇಕು. ಶುರುವಿಗೆ ಮುಂಚೆ, ಮುಗಿದ ತಕ್ಷಣ ಮತ್ತು ಇನ್ನೊಂದು ನಿಮಿಷದವರೆಗೆ ಆಮ್ಲಜನಕ ಮತ್ತು ನಾಡಿ ಬರೆದುಕೊಳ್ಳುತ್ತೇನೆ. ಆಮ್ಲಜನಕ 3 ಅಂಕ ಅಥವಾ ಹೆಚ್ಚು ಇಳಿದರೆ ಅದು ಬರೀ ನಿಶ್ಶಕ್ತಿಯಲ್ಲ. ಶ್ವಾಸಕೋಶ, ಹೃದಯದ ತಪಾಸಣೆ ಆಗಲೇಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಳತೆ ತಪ್ಪುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಬಣ್ಣ ತೆಗೆದು ನೋಡಿ. ಕೂತಾಗಲೇ 96ಕ್ಕಿಂತ ಕಡಿಮೆ ಇರುವವರು ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು.

ಹಲವರಲ್ಲಿ ಕಂಡದ್ದನ್ನು ಸೇರಿಸಿ ಒಂದು ಉದಾಹರಣೆ ಹೇಳುತ್ತೇನೆ. 44 ವರ್ಷದ ಶಾಲಾ ಶಿಕ್ಷಕಿ, ಕೋವಿಡ್ ಬಂದಾಗ ಮನೆಯಲ್ಲೇ ಗುಣವಾದವರು. ಕೂತಾಗ 98, ನಾಡಿ 84. ಕುರ್ಚಿ ಪರೀಕ್ಷೆಯ ಬಳಿಕ 97, ನಾಡಿ 128. ಆಮ್ಲಜನಕ ಇಳಿಯಲಿಲ್ಲ. ಎದೆಯ ಎಕ್ಸ್-ರೇ, ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲ ಸರಿ; ಹಿಮೋಗ್ಲೋಬಿನ್ ಮಾತ್ರ 9.4. ರಕ್ತಹೀನತೆ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವ ಮುನ್ನ ಇದನ್ನು ನೋಡದೇ ಬಿಡುವುದು ತಪ್ಪು. ಅವರಿಗೆ ಕಬ್ಬಿಣಾಂಶದ ಮಾತ್ರೆ ಶುರುವಾಯಿತು.

ಎರಡು ವಾರ ದಿನಚರಿ ಬರೆಯಲು ಹೇಳಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಭಾನುವಾರ ಬಟ್ಟೆ ಒಗೆದು, ಮನೆ ಒರೆಸಿದಾಗ ಏನೂ ಅನ್ನಿಸಿರಲಿಲ್ಲ. ಸೋಮವಾರ ಸಂಜೆಯಿಂದ ಮೈಕೈ ನೋವು, ತಲೆ ಮಂಕು, ಬುಧವಾರದವರೆಗೂ ಹಾಗೇ. ಶ್ರಮದ ಪೆಟ್ಟು ಹೀಗೆ ಅರ್ಧ ದಿನವೋ ಒಂದೆರಡು ದಿನವೋ ತಡವಾಗಿ ಬೀಳುವುದರಿಂದ, ಯಾವುದರಿಂದ ಹೀಗಾಯಿತು ಎಂದು ರೋಗಿಗೇ ಹೊಳೆಯುವುದಿಲ್ಲ. ಇಂಥವರಿಗೆ “ದಿನಾ ಸ್ವಲ್ಪ ಜಾಸ್ತಿ ನಡೀರಿ, ಶಕ್ತಿ ಬರುತ್ತೆ” ಎನ್ನುವ ಸಲಹೆ ಕೆಡುಕು ಮಾಡುತ್ತದೆ. ಮನೆಯವರು ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ, ಅದಕ್ಕೇ ಅವರನ್ನೂ ಕೂರಿಸಿಕೊಂಡು ವಿವರಿಸುತ್ತೇನೆ.

ಮರುದಿನ ತೊಂದರೆ ಕೊಡದಷ್ಟು ನಡಿಗೆ ಎಷ್ಟು ಎಂದು ಹುಡುಕಿದೆವು: ಸಮತಟ್ಟು ನೆಲದಲ್ಲಿ 6 ನಿಮಿಷ, ದಿನಕ್ಕೆ ಎರಡು ಸಲ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ. ಒಂದು ವಾರ ಯಾವ ಏರುಪೇರೂ ಇಲ್ಲದಿದ್ದರೆ ಮಾತ್ರ 1 ನಿಮಿಷ ಸೇರಿಸುವುದು. ತರಕಾರಿ ಹೆಚ್ಚುವುದು ಕೂತೇ, ಒಗೆಯುವ ಬಟ್ಟೆ ಮೂರು ದಿನಕ್ಕೆ ಹಂಚಿ, ಸುಸ್ತಾಗುವ ಮೊದಲೇ ವಿಶ್ರಾಂತಿ. ದಮ್ಮು ಹತ್ತಿದಾಗ ಕೂತು ಮುಂದೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು. ಬಿಡುವ ಉಸಿರು ತೆಗೆದುಕೊಳ್ಳುವುದಕ್ಕಿಂತ ಉದ್ದವಿರಬೇಕು.

ಮೂರನೇ ವಾರ ಮೈ ಹಗುರಾಯಿತೆಂದು ಹಬ್ಬಕ್ಕೆ ಇಡೀ ಮನೆ ಧೂಳು ಹೊಡೆದರು. ಮೂರು ದಿನ ಹಾಸಿಗೆ. 5 ನಿಮಿಷಕ್ಕೆ ಇಳಿಸಿ ಮತ್ತೆ ಏರಿಸಿದೆವು. ಚೇತರಿಕೆ ಸಾಮಾನ್ಯವಾಗಿ ಹೀಗೇ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಹೆಚ್ಚಿನವರು 12 ವಾರದೊಳಗೆ ಬಹುಮಟ್ಟಿಗೆ ಸರಿಹೋಗುತ್ತಾರೆ. ಐಸಿಯುನಲ್ಲಿದ್ದವರಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ನೋಡಬೇಕಾದ್ದು ವಾರದಿಂದ ವಾರಕ್ಕೆ, ದಿನದಿಂದ ದಿನಕ್ಕಲ್ಲ. 12 ವಾರ ದಾಟಿಯೂ ಹಾಗೇ ಇದ್ದರೆ, ಅಥವಾ ಸುಧಾರಿಸಿದ್ದು ಮತ್ತೆ ಕೆಡುತ್ತಾ ಹೋದರೆ, ಪುನಃ ಪರೀಕ್ಷೆ ಬೇಕು. ಎದ್ದು ನಿಂತ 10 ನಿಮಿಷದೊಳಗೆ ನಾಡಿ 30ಕ್ಕೂ ಹೆಚ್ಚು ಏರಿ, ತಲೆ ಸುತ್ತಿ ಎದೆ ಬಡಿದುಕೊಂಡರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ; ವೈದ್ಯರಿಗೆ ಬಿಡಿಸಿ ಹೇಳಿ.

ಕೆಲವಕ್ಕೆ ಮಾತ್ರ ಕಾಯುವಂತಿಲ್ಲ. ಕೂತಾಗಲೇ 92 ಅಥವಾ ಕಡಿಮೆ, ಇದ್ದಕ್ಕಿದ್ದಂತೆ ಬಂದ ಉಸಿರಾಟದ ಕಷ್ಟ, ಎದೆ ಒತ್ತಿದಂತಾಗುವುದು ಅಥವಾ ಉಸಿರೆಳೆದಾಗ ಚುಚ್ಚುವುದು, ಕಫದಲ್ಲಿ ರಕ್ತ, ಎಚ್ಚರ ತಪ್ಪುವುದು, ಗೊಂದಲದ ಮಾತು, ಒಂದು ಬದಿ ಕೈಕಾಲು ಸೋಲುವುದು: ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕೂತಾಗ 93–94 ಇದ್ದರೆ, ಅಥವಾ ಮಲಗಿದಾಗ ಉಸಿರು ಕಟ್ಟಿ ಎರಡೂ ಪಾದ ಊದಿದ್ದರೆ ಕೂಡ ಅದೇ ದಿನ ತೋರಿಸಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿತ ಇದ್ದರೆ ಕೋವಿಡ್ ನಂತರದ್ದೆಂದು ಸುಮ್ಮನಿರದೆ ಕ್ಷಯಕ್ಕಾಗಿ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.